ಬಾಲ್ಕನಿ ಕುಂಡಗಳಿಗೆ ಹನಿ ನೀರು: ತಲೆಕೆಳಗಾದ ಬಾಟಲಿಯೋ, ಗ್ಲೂಕೋಸ್ ಪೈಪೋ, ಬಕೆಟ್ಟೋ?

ಸಾಲಾಗಿ ಇಟ್ಟ ಆರೇಳು ಕುಂಡಗಳಿಗೆ ಹನಿ ನೀರಿನ ವ್ಯವಸ್ಥೆ ಮಾಡಬೇಕೆಂದು ಹೊರಟವರ ಮುಂದೆ ಮೂರು ದಾರಿಗಳಿರುತ್ತವೆ. ನೀರು ತುಂಬಿದ ಬಾಟಲಿಯನ್ನು ತಲೆಕೆಳಗಾಗಿ ಮಣ್ಣಿಗೆ ಚುಚ್ಚುವುದು ಒಂದು. ಮೆಡಿಕಲ್ ಶಾಪಿನಲ್ಲಿ ಸಿಗುವ ಗ್ಲೂಕೋಸ್ ಪೈಪನ್ನು ಬಾಟಲಿಗೆ ಜೋಡಿಸಿ ಗ್ರಿಲ್ಲಿಗೆ ನೇತುಹಾಕುವುದು ಇನ್ನೊಂದು. ಎತ್ತರದಲ್ಲಿ ಒಂದು ದೊಡ್ಡ ಬಕೆಟ್ಟಿಟ್ಟು, ಅದರಿಂದ ಪೈಪು ಎಳೆದು, ಕುಂಡಕ್ಕೊಂದರಂತೆ ಹನಿ ಬಿಡುವ ಡ್ರಿಪ್ಪರ್ ಸಿಕ್ಕಿಸುವುದು ಮೂರನೆಯದು. ಮೂರೂ ಹನಿ ನೀರೇ. ಆದರೆ ಇವತ್ತು ಬೆಳಿಗ್ಗೆ ತಿರುಗಿಸಿಟ್ಟ ಹರಿವು ನಾಲ್ಕನೇ ದಿನ ಸಂಜೆಯೂ ಹಾಗೆಯೇ ಇರುತ್ತದೆಯೇ ಎಂದು ಕೇಳಿದರೆ ಮೂರರ ಉತ್ತರವೂ ಬೇರೆ ಬೇರೆ. ಆಯ್ಕೆ ನಿಂತಿರುವುದು ಅದರ ಮೇಲೆ.

ಯಾವುದು ಅಗ್ಗ ಎಂದು ನೋಡುವ ಮುನ್ನ ನಾಲ್ಕು ಸಂಗತಿ ಗೊತ್ತಿರಬೇಕು. ಪ್ರತಿ ಕುಂಡ ದಿನಕ್ಕೆ ಎಷ್ಟು ಮಿಲಿಲೀಟರ್ ಕುಡಿಯುತ್ತದೆ? ಯಾರೂ ಮುಟ್ಟದೆ ಎಷ್ಟು ದಿನ ನಡೆಯಬೇಕು? ಕುಂಡಗಳೆಲ್ಲ ಒಂದೇ ಮಟ್ಟದಲ್ಲಿವೆಯೇ, ಕೆಲವು ನೆಲದ ಮೇಲೂ ಕೆಲವು ಕಂಬಿಯ ಮೇಲೂ ಇವೆಯೇ? ಹರಿವು ಕೆಟ್ಟರೆ ಗಮನಿಸಲು ಮನೆಯಲ್ಲಿ ಒಬ್ಬರಾದರೂ ಇರುತ್ತಾರೆಯೇ? ಖರ್ಚು ಇವುಗಳ ನಂತರದ ಮಾತು.

ಮೊದಲು ಕುಂಡದ ಬಾಯಾರಿಕೆ ಅಳೆಯಿರಿ

"ಹತ್ತು ಇಂಚಿನ ಕುಂಡಕ್ಕೆ ಅರ್ಧ ಲೀಟರ್" ಎಂಬಂಥ ಪಟ್ಟಿಗಳನ್ನು ನಂಬಬೇಡಿ. ಪಡುವಣ ಬಿಸಿಲಿನ ಬಾಲ್ಕನಿಯಲ್ಲಿರುವ ಟೊಮೆಟೊ ಗಿಡ ಏಪ್ರಿಲ್‌ನಲ್ಲಿ ಕುಡಿಯುವ ನೀರಿಗೂ ಅದೇ ಗಿಡ ಆಗಸ್ಟಿನಲ್ಲಿ ಕುಡಿಯುವ ನೀರಿಗೂ ಹೋಲಿಕೆಯೇ ಇಲ್ಲ. ಅಳೆಯುವುದು ಸುಲಭ. ಬೆಳಿಗ್ಗೆ ಕುಂಡದ ತಳದಿಂದ ನೀರು ಸೋರುವ ತನಕ ಹಾಕಿ, ಸೋರುವುದು ನಿಂತ ಮೇಲೆ ಲಗೇಜ್ ತೂಗುವ ಕೊಕ್ಕೆ ತಕ್ಕಡಿಯಲ್ಲಿ ಕುಂಡವನ್ನು ತೂಗಿ. ಮರುದಿನ ಅದೇ ಹೊತ್ತಿಗೆ ಮತ್ತೆ ತೂಗಿ. ಕಡಿಮೆಯಾದ ಒಂದೊಂದು ಗ್ರಾಂ ಒಂದೊಂದು ಮಿಲಿಲೀಟರ್ ನೀರು. ತಕ್ಕಡಿ ಇಲ್ಲದಿದ್ದರೆ, ಎರಡನೆಯ ದಿನ ತಳದಿಂದ ಮೊದಲ ಹನಿ ಕಾಣುವವರೆಗೆ ಎಷ್ಟು ನೀರು ಹಿಡಿಯಿತು ಎಂದು ಅಳತೆಯ ಲೋಟದಿಂದ ಹಾಕುತ್ತಾ ನೋಡಿದರೂ ನಡೆಯುತ್ತದೆ. ಪ್ರತಿ ಕುಂಡದ ಅಂಕಿಯನ್ನು ಚೀಟಿಯಲ್ಲಿ ಬರೆದು ಅಂಟಿಸಿ. ಮುಂದಿನ ಲೆಕ್ಕವೆಲ್ಲ ಇದರ ಮೇಲೆ ನಿಲ್ಲುತ್ತದೆ.

ಉದಾಹರಣೆಗೆ, ಬೆಂಗಳೂರಿನ ಮೂರನೇ ಮಹಡಿಯ ಒಂದು ಪಡುವಣ ಬಾಲ್ಕನಿ, ಏಪ್ರಿಲ್ ತಿಂಗಳು, ನೆಲದ ಮೇಲೆ ಆರು ಕುಂಡಗಳು ಎಂದುಕೊಳ್ಳೋಣ. ಅಳೆದಾಗ ಟೊಮೆಟೊದ ಎರಡು ಕುಂಡಗಳಿಗೆ ತಲಾ 900 ಮಿ.ಲೀ., ಮಲ್ಲಿಗೆಗೆ 600, ಮೆಣಸಿನ ಗಿಡಕ್ಕೆ 500, ತುಳಸಿಗೆ 300, ದೊಡ್ಡಪತ್ರೆಗೆ 100 ಬಂತು. ಒಟ್ಟು ದಿನಕ್ಕೆ 3.3 ಲೀಟರ್. ಮನೆಯವರು ಐದು ದಿನ ಊರಿಗೆ ಹೋಗುತ್ತಾರೆ. ಅಂದರೆ 16.5 ಲೀಟರ್ ನೀರು ತಾನಾಗಿ ಕುಂಡ ಸೇರಬೇಕು. ಈ ಬಾಲ್ಕನಿಯನ್ನೇ ಎದುರಿಗಿಟ್ಟುಕೊಂಡು ಮೂರು ದಾರಿಗಳನ್ನೂ ನೋಡೋಣ.

ತಲೆಕೆಳಗಾದ ಬಾಟಲಿ

ಖರ್ಚಿಲ್ಲದ ದಾರಿ ಇದು, ಹೆಚ್ಚು ಮಂದಿ ಸೋಲುವುದೂ ಇದರಲ್ಲಿಯೇ. ಮುಚ್ಚಳದಲ್ಲಿ ಒಂದು ಮಿ.ಮೀ. ತೂತು, ಗಾಳಿಗೆಂದು ಬಾಟಲಿಯ ತಳದಲ್ಲಿ ಇನ್ನೊಂದು ತೂತು ಮಾಡಿದರೆ ಒಂದು ಲೀಟರ್ ನೀರು ಅರ್ಧ ಗಂಟೆಯೊಳಗೆ ಖಾಲಿ. ಸೂಜಿಯ ಮೊನೆಯಷ್ಟು ಸಣ್ಣ ತೂತು ಮಾಡಿದರೆ ಮಣ್ಣಿನ ಒಂದು ಕಣ ಬಂದು ಕೂತರೂ ಮುಚ್ಚಿಹೋಗುತ್ತದೆ. ಇವೆರಡರ ನಡುವೆ ತೂತಿನ ಅಳತೆಯಿಂದಲೇ ಹರಿವು ಹೊಂದಿಸಲು ಜಾಗವೇ ಇಲ್ಲ.

ತಳದಲ್ಲಿ ತೂತು ಮಾಡದೆ, ಬಾಟಲಿಯ ಕತ್ತನ್ನು ಮಣ್ಣಿನೊಳಗೆ ಐದಾರು ಸೆಂ.ಮೀ. ಹೂತರೆ ಕಥೆ ಬೇರೆ. ಮುಚ್ಚಳದ ಸುತ್ತ ಮಣ್ಣು ನೆನೆದಾಗ ಒಳಗೆ ಗಾಳಿ ಹೋಗಲು ದಾರಿ ಸಿಗದೆ ನೀರು ನಿಲ್ಲುತ್ತದೆ. ಮಣ್ಣು ಒಣಗಿದಾಗ ಒಂದು ಗುಳ್ಳೆ ಒಳಗೆ ಹೋಗುತ್ತದೆ, ಅಷ್ಟೇ ನೀರು ಹೊರಗೆ ಬರುತ್ತದೆ. ಹರಿವು ಹೊಂದಿಸುವ ಕೆಲಸವನ್ನು ಮಣ್ಣೇ ಮಾಡಿದ ಹಾಗೆ. ಆದರೆ ಮಣ್ಣು ಬಾಟಲಿಯ ಕತ್ತನ್ನು ಬಿಗಿಯಾಗಿ ಅಪ್ಪಿಕೊಂಡಿರಬೇಕು. ಕೆಂಪು ಮಣ್ಣು ಹೆಚ್ಚಿರುವ ಕುಂಡದಲ್ಲಿ ಇದು ನಡೆಯುತ್ತದೆ. ಕೋಕೋಪೀಟ್ ಹೆಚ್ಚಿರುವ ಹಗುರ ಮಿಶ್ರಣದಲ್ಲಿ ಸಂದುಗಳಿಂದ ಗಾಳಿ ಸದಾ ನುಗ್ಗುವುದರಿಂದ ಕೆಲವೇ ಗಂಟೆಯಲ್ಲಿ ಬಾಟಲಿ ಬರಿದಾಗಿ, ತಟ್ಟೆ ತುಂಬಿರುತ್ತದೆ. ಈಗಿನ ಬಾಲ್ಕನಿ ಕುಂಡಗಳಲ್ಲಿ ಭಾರ ಕಡಿಮೆ ಮಾಡಲೆಂದು ತುಂಬುವುದು ಹೆಚ್ಚಾಗಿ ಕೋಕೋಪೀಟನ್ನೇ. ಹಾಗಾಗಿ ಬೇರೆಯವರ ಮನೆಯಲ್ಲಿ ಮೂರು ದಿನ ಬಂದ ಬಾಟಲಿ ನಿಮ್ಮಲ್ಲಿ ಒಂದು ಮಧ್ಯಾಹ್ನಕ್ಕೂ ಬಾರದೆ ಹೋಗಬಹುದು.

ಬಿಸಿಲು ಇನ್ನೊಂದು ತೊಡಕು ತರುತ್ತದೆ. ಅರ್ಧ ಖಾಲಿಯಾದ ಬಾಟಲಿಯೊಳಗಿನ ಒಂದು ಲೀಟರ್ ಗಾಳಿ ಬೆಳಗಿನ ತಂಪಿನಿಂದ ಹದಿನೈದು ಡಿಗ್ರಿ ಬಿಸಿಯಾದರೆ ಸುಮಾರು 50 ಮಿ.ಲೀ. ಹಿಗ್ಗುತ್ತದೆ, ಅಷ್ಟೇ ನೀರನ್ನು ಹೊರಗೆ ದೂಡುತ್ತದೆ. ಟೊಮೆಟೊಗೆ ಇದು ಲೆಕ್ಕಕ್ಕಿಲ್ಲ. ದಿನಕ್ಕೆ 100 ಮಿ.ಲೀ. ಕುಡಿಯುವ ದೊಡ್ಡಪತ್ರೆಗೆ ಅರ್ಧ ದಿನದ ನೀರು.

ಈ ದಾರಿಯಲ್ಲಿಯೇ ಹೋಗುವುದಾದರೆ ಬಾಟಲಿಯ ಬಾಯಿಗೆ ಸಿಕ್ಕಿಸುವ ಸುಟ್ಟ ಮಣ್ಣಿನ ಮೊನೆ ಕೊಳ್ಳುವುದು ಉತ್ತಮ. ನೀರು ಅದರ ಗೋಡೆಯ ಸೂಕ್ಷ್ಮ ರಂಧ್ರಗಳಿಂದ ಜಿನುಗುತ್ತದೆ, ಸುತ್ತ ಮಣ್ಣು ಒಣಗಿದಷ್ಟೂ ಹೆಚ್ಚು ಎಳೆಯಲ್ಪಡುತ್ತದೆ. ಚುಚ್ಚುವ ಮುನ್ನ ಮೊನೆಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿಡಬೇಕು. ಒಣಗಿದ್ದರೆ ಅದರ ರಂಧ್ರಗಳಲ್ಲಿ ಗಾಳಿ ತುಂಬಿಕೊಂಡು ನೀರು ಹೊರಡುವುದೇ ಇಲ್ಲ. ತುಳಸಿ, ದೊಡ್ಡಪತ್ರೆಯಂಥ ಸಣ್ಣ ಬಾಯಾರಿಕೆಯ ಗಿಡಗಳಿಗೆ ಇದು ಸಾಕು. ನಮ್ಮ ಉದಾಹರಣೆಯ ಟೊಮೆಟೊಗೆ ಸಾಲದು. ಗಿಡ ತೆಗೆದುಕೊಳ್ಳುವಷ್ಟು ವೇಗವಾಗಿ ನೀರು ಕೊಡುವ ಶಕ್ತಿ ಆ ಮೊನೆಗಿಲ್ಲ.

ಬಾಟಲಿ ಮತ್ತು ಗ್ಲೂಕೋಸ್ ಪೈಪು

ಹರಿವನ್ನು ಕಣ್ಣಿಂದ ಎಣಿಸಿ ಹೊಂದಿಸಬಹುದಾದ ಒಂದೇ ದಾರಿ ಇದು. ಕಡಿಮೆ ಕುಂಡಗಳಿದ್ದು, ಒಂದೊಂದರ ಬೇಡಿಕೆ ಒಂದೊಂದು ತರಹ ಇದ್ದರೆ ಇದನ್ನೇ ಆರಿಸಿ ಎಂದು ಧೈರ್ಯವಾಗಿ ಹೇಳಬಹುದು. ಮೆಡಿಕಲ್ ಶಾಪಿನಲ್ಲಿ ಐವಿ ಸೆಟ್ ಎಂದು ಕೇಳಿದರೆ ಕೊಡುತ್ತಾರೆ. ಹೊಸದನ್ನೇ ಕೊಳ್ಳಿ. ಆಸ್ಪತ್ರೆಯಲ್ಲಿ ಬಳಸಿ ಬಿಸಾಡಿದ್ದು ರಕ್ತ ತಾಗಿರಬಹುದಾದ ತ್ಯಾಜ್ಯ, ಅದನ್ನು ಯಾವ ಕಾರಣಕ್ಕೂ ಮನೆಗೆ ತರಬಾರದು. ಸೆಟ್ಟಿನ ಜೊತೆ ಸೂಜಿ ಬಂದರೆ ಮಕ್ಕಳ ಕೈಗೆ ಸಿಗದಂತೆ ಮುಚ್ಚಳ ಹಾಕಿಯೇ ವಿಲೇವಾರಿ ಮಾಡಿ.

ಸೆಟ್ಟಿನಲ್ಲಿ ನಾಲ್ಕು ಭಾಗಗಳಿವೆ: ಬಾಟಲಿಗೆ ಚುಚ್ಚುವ ಚೂಪು ಮೊನೆ, ಹನಿ ಬೀಳುವುದು ಕಾಣುವ ಪಾರದರ್ಶಕ ಚೇಂಬರ್, ಸುಮಾರು ಒಂದೂವರೆ ಮೀಟರ್ ಮೆತ್ತನೆಯ ಪೈಪು, ಹರಿವು ಬಿಗಿಮಾಡುವ ರೋಲರ್. ಸಾಮಾನ್ಯ ಸೆಟ್ಟಿನಲ್ಲಿ 20 ಹನಿ ಸೇರಿದರೆ ಒಂದು ಮಿ.ಲೀ., ಪೊಟ್ಟಣದ ಮೇಲೆ ಹಾಗೆಂದು ಅಚ್ಚಾಗಿರುತ್ತದೆ. ಮೈಕ್ರೋ ಸೆಟ್ಟಿನಲ್ಲಿ 60 ಹನಿಗೆ ಒಂದು ಮಿ.ಲೀ. ಈ ಅಂಕಿಯಿಂದ ಒಂದು ಸುಲಭ ಲೆಕ್ಕ ಹುಟ್ಟುತ್ತದೆ. ಸಾಮಾನ್ಯ ಸೆಟ್ಟಿನಲ್ಲಿ ನಿಮಿಷಕ್ಕೆ ಒಂದು ಹನಿ ಬಿದ್ದರೆ ಇಡೀ ದಿನಕ್ಕೆ 72 ಮಿ.ಲೀ. ಆಗುತ್ತದೆ. ಕುಂಡದ ದಿನದ ಬೇಡಿಕೆಯನ್ನು 72ರಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಹನಿ ಬೇಕೆಂಬುದು ಸಿಕ್ಕಿತು. ಮೆಣಸಿನ ಗಿಡಕ್ಕೆ ಏಳು, ತುಳಸಿಗೆ ನಾಲ್ಕು, ಟೊಮೆಟೊಗೆ ಹನ್ನೆರಡೂವರೆ. ದೊಡ್ಡಪತ್ರೆಗೆ ಒಂದೂವರೆಯೂ ಇಲ್ಲ. ಅಷ್ಟು ನಿಧಾನದಲ್ಲಿ ರೋಲರ್ ನಿಲ್ಲುವುದಿಲ್ಲ, ಮೈಕ್ರೋ ಸೆಟ್ ಹಾಕಿ ನಿಮಿಷಕ್ಕೆ ನಾಲ್ಕು ಹನಿ ಬಿಡಬೇಕು.

ಜೋಡಿಸುವಾಗ ಮುಚ್ಚಳದ ತೂತು ಮೊನೆಗಿಂತ ಕೊಂಚ ಸಣ್ಣದಿರಲಿ. ಕಾಸಿದ ಮೊಳೆಯಿಂದ ತೂತು ಮಾಡಿ, ಮೊನೆಯನ್ನು ತಿರುಗಿಸುತ್ತಾ ಒತ್ತಿ ಕೂರಿಸಿದರೆ ಸೋರುವುದಿಲ್ಲ. ಬಾಟಲಿಯನ್ನು ತಲೆಕೆಳಗಾಗಿ ಗ್ರಿಲ್ಲಿಗೆ ಕಟ್ಟಿ, ಚೇಂಬರನ್ನು ಎರಡು ಸಲ ಅಮುಕಿ ಅರ್ಧದಷ್ಟು ನೀರು ತುಂಬಿಸಿ. ಪೂರ್ತಿ ತುಂಬಿದರೆ ಹನಿ ಕಾಣುವುದಿಲ್ಲ. ಹಾಗಾದರೆ ರೋಲರ್ ಮುಚ್ಚಿ, ಬಾಟಲಿಯನ್ನು ನೆಟ್ಟಗೆ ಮಾಡಿ, ಚೇಂಬರ್ ಅಮುಕಿ ನೀರನ್ನು ಬಾಟಲಿಗೆ ಹಿಂದಕ್ಕೆ ಕಳಿಸಬಹುದು. ಬಳಿಕ ರೋಲರನ್ನು ಪೂರ್ತಿ ತೆರೆದು ಪೈಪಿನ ಗಾಳಿಯೆಲ್ಲ ಹೊರಹೋಗಲಿ. ಪೈಪಿನ ತುದಿಯನ್ನು ಮಣ್ಣಿನೊಳಗೆ ಹೂಳಬೇಡಿ, ಒಂದು ಕಡ್ಡಿಗೆ ಕಟ್ಟಿ ಮಣ್ಣಿನಿಂದ ಎರಡು ಸೆಂ.ಮೀ. ಮೇಲೆ ನಿಲ್ಲಿಸಿ. ಹೂತರೆ ಮಣ್ಣೋ ಬೇರೋ ತುದಿಯನ್ನು ಮುಚ್ಚುತ್ತದೆ.

ಈಗ ಗಾಳಿಯ ವಿಚಾರ. ಈ ಪದ್ಧತಿಯ ಅರ್ಧ ಯಶಸ್ಸು ಇದರಲ್ಲಿದೆ. ನೀರು ಇಳಿದಷ್ಟೂ ಬಾಟಲಿಯೊಳಗೆ ಗಾಳಿ ಹೋಗಬೇಕು. ಇಲ್ಲದಿದ್ದರೆ ಬಾಟಲಿ ಒಳಕ್ಕೆ ಸೊಟ್ಟಗಾಗುತ್ತಾ ಕೊನೆಗೆ ಹನಿ ನಿಲ್ಲುತ್ತದೆ. ಗಾಳಿ ಒದಗಿಸಲು ಎರಡು ಬಗೆಗಳಿವೆ. ಬಾಟಲಿಯ ತಳವನ್ನು ಕತ್ತರಿಸಿ ತೆಗೆಯುವುದು ಮೊದಲನೆಯದು. ಮೇಲಿಂದಲೇ ನೀರು ತುಂಬಿಸಬಹುದು ಎಂಬ ಅನುಕೂಲ ಅದಕ್ಕಿದೆ. ಆದರೆ ನೀರಿನ ಮಟ್ಟ ಇಳಿದ ಹಾಗೆ ಒತ್ತಡವೂ ಇಳಿಯುತ್ತದೆ. ಎರಡು ಲೀಟರ್ ಬಾಟಲಿಯಲ್ಲಿ ನೀರಿನ ಎತ್ತರ ಸುಮಾರು 25 ಸೆಂ.ಮೀ. ಬಾಟಲಿಯ ಬಾಯಿ ಪೈಪಿನ ತುದಿಗಿಂತ 20 ಸೆಂ.ಮೀ. ಮಾತ್ರ ಮೇಲಿದ್ದರೆ ಒತ್ತಡ 45ರಿಂದ 20 ಸೆಂ.ಮೀ.ಗೆ ಬೀಳುತ್ತದೆ, ಅಂದರೆ ನಿಮಿಷಕ್ಕೆ ಏಳು ಇದ್ದ ಹನಿ ಕೊನೆಗೆ ಮೂರಾಗುತ್ತದೆ. ಅದೇ ಬಾಟಲಿಯನ್ನು ಒಂದು ಮೀಟರ್ ಮೇಲೆ ಕಟ್ಟಿದರೆ ಒತ್ತಡ 125ರಿಂದ 100ಕ್ಕೆ ಇಳಿಯುತ್ತದೆ, ಏಳು ಹನಿ ಐದೂವರೆಗೆ ನಿಲ್ಲುತ್ತದೆ. ಇನ್ನೂ ಎತ್ತರಕ್ಕೆ ಕಟ್ಟಬಹುದಲ್ಲ ಎನಿಸಬಹುದು. ಒತ್ತಡ ಹೆಚ್ಚಿದಷ್ಟೂ ಅದೇ ಏಳು ಹನಿಗಾಗಿ ರೋಲರನ್ನು ಹೆಚ್ಚು ಬಿಗಿಯಬೇಕು, ಸಂದು ಇನ್ನಷ್ಟು ಕಿರಿದಾಗುತ್ತದೆ, ಬೇಗ ಕಟ್ಟಿಕೊಳ್ಳುತ್ತದೆ. ಸುಮಾರು ಒಂದು ಮೀಟರ್ ಹದವಾದ ಎತ್ತರ.

ಎರಡನೆಯ ಬಗೆ ಇನ್ನೂ ಚೆನ್ನ. ಕೆಲವು ಸೆಟ್ಟುಗಳಲ್ಲಿ ಮೊನೆಯ ಪಕ್ಕದಲ್ಲಿಯೇ ಸಣ್ಣ ಮುಚ್ಚಳವಿರುವ ಗಾಳಿಕಿಂಡಿ ಇರುತ್ತದೆ. ಕೊಳ್ಳುವಾಗ ಏರ್ ವೆಂಟ್ ಇರುವುದೇ ಬೇಕೆಂದು ಕೇಳಿ. ಅಂಥ ಸೆಟ್ಟಿಗೆ ಬಾಟಲಿಯ ತಳ ಕತ್ತರಿಸಬಾರದು. ಮುಚ್ಚಳ ಬಿಗಿಯಾಗಿದ್ದರೆ ಗಾಳಿ ಬಾಟಲಿಯ ಬಾಯಿಯ ಬಳಿಯಿಂದಲೇ ಗುಳ್ಳೆಯಾಗಿ ಒಳಗೆ ಏರುತ್ತದೆ. ಆಗ ನೀರು ತುಂಬಿರಲಿ, ಕಾಲು ಭಾಗ ಉಳಿದಿರಲಿ, ಹನಿಯನ್ನು ನೂಕುವ ಒತ್ತಡವನ್ನು ಬಾಟಲಿಯ ಬಾಯಿಯ ಎತ್ತರವೇ ನಿರ್ಧರಿಸುತ್ತದೆ, ನೀರಿನ ಮಟ್ಟವಲ್ಲ. ಮೊದಲ ದಿನದ ಹನಿಯೂ ಕೊನೆಯ ದಿನದ ಹನಿಯೂ ಸರಿಸುಮಾರು ಒಂದೇ. ಇದಕ್ಕೆ ಕೊಡಬೇಕಾದ ಬೆಲೆಯೂ ಉಂಟು. ತೆಳು ಬಾಟಲಿ ಕೊಂಚ ಒಳಕ್ಕೆ ತಗ್ಗುತ್ತದೆ, ಬಿಸಿಲು ಬಿದ್ದರೆ ಒಳಗಿನ ಗಾಳಿ ಹಿಗ್ಗಿ ಹನಿ ಜೋರಾಗುತ್ತದೆ. ತಂಪು ಪಾನೀಯದ ಗಟ್ಟಿ ಬಾಟಲಿ ತೆಗೆದುಕೊಳ್ಳಿ, ಹಳೆಯ ಬಿಳಿ ಬಟ್ಟೆ ಸುತ್ತಿ. ಬಟ್ಟೆ ಬೆಳಕನ್ನು ತಡೆಯುವುದರಿಂದ ಪಾಚಿಯೂ ಕಡಿಮೆ.

ಹನಿ ಹೊಂದಿಸುವಾಗ ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಬೇಡಿ. ನಿಮಿಷಕ್ಕೆ ನಾಲ್ಕೇ ಹನಿ ಇರುವಾಗ ಒಂದು ಹನಿ ತಪ್ಪಿದರೂ ಲೆಕ್ಕ ತಲೆಕೆಳಗು. ಎರಡು ನಿಮಿಷ ಪೂರ್ತಿ ಎಣಿಸಿ. ರೋಲರ್ ಕಚ್ಚಿದ ಜಾಗದಲ್ಲಿ ಮೆತ್ತನೆಯ ಪೈಪು ನಿಧಾನವಾಗಿ ಆಕಾರ ಬದಲಿಸುತ್ತಾ ಹೋಗುವುದರಿಂದ ಮೊದಲ ಅರ್ಧ ಗಂಟೆಯಲ್ಲಿ ಹನಿ ತಾನಾಗಿ ಬದಲಾಗುತ್ತದೆ. ಅರ್ಧ ಗಂಟೆ ಬಿಟ್ಟು ತಿದ್ದಿ, ಸಂಜೆ ನೋಡಿ, ಮರುದಿನ ಬೆಳಿಗ್ಗೆ ಇನ್ನೊಮ್ಮೆ ನೋಡಿ. ಆಮೇಲೆ ಸಾಮಾನ್ಯವಾಗಿ ನಿಲ್ಲುತ್ತದೆ. ಮಧ್ಯಾಹ್ನ ಎಣಿಸಿದಾಗ ಹನಿ ಹೆಚ್ಚಾಗಿ ಕಂಡರೆ ಗಾಬರಿ ಬೇಡ. ಬೆಚ್ಚಗಾದ ನೀರು ತೆಳುವಾಗಿ ಸಣ್ಣ ಸಂದಿನಲ್ಲಿ ಸುಲಭವಾಗಿ ಹರಿಯುತ್ತದೆ. 20 ಡಿಗ್ರಿಯಿಂದ 35 ಡಿಗ್ರಿಗೆ ಏರಿದರೆ ಹರಿವು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಏರುತ್ತದೆ. ಗಿಡಕ್ಕೆ ನೀರು ಹೆಚ್ಚು ಬೇಕಿರುವುದೂ ಅದೇ ಹೊತ್ತಿನಲ್ಲಿ, ಆದ್ದರಿಂದ ಬೆಳಗಿನ ಎಣಿಕೆಯನ್ನು ಒಂದು ಕೂದಲೆಳೆ ಕಡಿಮೆ ಇಟ್ಟರೆ ದಿನದ ಮೊತ್ತ ಸರಿಹೋಗುತ್ತದೆ.

ಇಷ್ಟೆಲ್ಲ ಒಳ್ಳೆಯ ಗುಣಗಳಿದ್ದರೂ ಈ ದಾರಿಗೆ ಒಂದು ಗಟ್ಟಿ ಮಿತಿ ಇದೆ: ಬಾಟಲಿಯ ಗಾತ್ರ. ನಮ್ಮ ಬಾಲ್ಕನಿಯ ತುಳಸಿಗೆ ಐದು ದಿನಕ್ಕೆ ಒಂದೂವರೆ ಲೀಟರ್, ಎರಡು ಲೀಟರ್ ಬಾಟಲಿ ಸಾಕು. ಮೆಣಸಿಗೆ ಎರಡೂವರೆ ಲೀಟರ್, ನಾಲ್ಕನೇ ದಿನಕ್ಕೆ ಬಾಟಲಿ ಬರಿದು. ಟೊಮೆಟೊಗೆ ನಾಲ್ಕೂವರೆ ಲೀಟರ್, ಎರಡು ದಿನ ದಾಟುವುದಿಲ್ಲ. ಐದು ಲೀಟರಿನ ಕ್ಯಾನುಗಳನ್ನು ಗ್ರಿಲ್ಲಿಗೆ ನೇತುಹಾಕಬಹುದು, ಆದರೆ ಮೂರನೇ ಮಹಡಿಯಲ್ಲಿ ತಲಾ ಐದು ಕಿಲೋ ಭಾರದ ನಾಲ್ಕು ಕ್ಯಾನು ಹಗ್ಗದ ಮೇಲೆ ತೂಗಾಡುವುದು ಕೆಳಗಿನವರ ತಲೆಗೆ ಅಪಾಯ. ವಾರಾಂತ್ಯದ ಎರಡು ದಿನಕ್ಕೆ, ಸಣ್ಣ ಗಿಡಗಳಿಗೆ ಅಥವಾ ಕಚೇರಿಗೆ ಹೋಗುವವರು ದಿನ ಬಿಟ್ಟು ದಿನ ಬಾಟಲಿ ತುಂಬಿಸಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯದು ಬೇರೊಂದಿಲ್ಲ. ಐದು ದಿನದ ಟೊಮೆಟೊಗೆ ಅಲ್ಲ.

ಒಂದೇ ಬಕೆಟ್, ಉದ್ದಕ್ಕೂ ಪೈಪು

ಸಾಲು ಉದ್ದವಾಗಿದ್ದರೆ, ದಿನಗಳು ಹೆಚ್ಚಿದ್ದರೆ ಕೊನೆಗೆ ಇಲ್ಲಿಗೇ ಬರಬೇಕು. ಇಪ್ಪತ್ತು ಲೀಟರಿನ ಪೇಂಟ್ ಬಕೆಟ್ ಇದಕ್ಕೆ ಹೇಳಿಮಾಡಿಸಿದಂತಿದೆ. ಬೆಳಕು ಅಷ್ಟಾಗಿ ಒಳಗೆ ಬಿಡುವುದಿಲ್ಲ, ಮುಚ್ಚಳ ಇದೆ, ಬದಿಯ ಗೋಡೆ ದಪ್ಪ. ಬಣ್ಣದ ಪದರ ಒಂದು ಚೂರೂ ಉಳಿಯದಂತೆ ಕಿತ್ತು ತೊಳೆಯಿರಿ. ಉಳಿದರೆ ಮುಂದೆ ಸಿಪ್ಪೆಯೆದ್ದು ಡ್ರಿಪ್ಪರಿಗೆ ಸಿಕ್ಕಿಕೊಳ್ಳುತ್ತದೆ. ತಳದಿಂದ ಮೂರು ಸೆಂ.ಮೀ. ಮೇಲೆ ತೂತು ಕೊರೆದು, ಎರಡೂ ಬದಿಗೆ ರಬ್ಬರ್ ವಾಷರ್ ಇಟ್ಟು ಅರ್ಧ ಇಂಚಿನ ಟ್ಯಾಂಕ್ ನಿಪ್ಪಲ್ ಬಿಗಿಯಿರಿ. ತೀರ ತಳಕ್ಕೆ ಹಾಕದಿರುವುದು ಬೇಕೆಂದೇ, ಕಸ ಅಲ್ಲಿ ಕೂರಲಿ ಎಂದು. ಆ ಮೂರು ಸೆಂ.ಮೀ.ನಲ್ಲಿ ಸುಮಾರು 1.7 ಲೀಟರ್ ನೀರು ಉಳಿದುಬಿಡುತ್ತದೆ, ಬಳಕೆಗೆ ಸಿಗುವುದು 18.3 ಲೀಟರ್. ನಮಗೆ ಬೇಕಾದದ್ದು 16.5. ಅರ್ಧ ದಿನದ ನೀರು ಮಿಗುತ್ತದೆ.

ಕೆಲವರು ತೂತು ಕೊರೆಯುವ ಗೋಜು ಬೇಡವೆಂದು ಬಕೆಟ್ಟಿನ ಬಾಯಿಯಿಂದ ಪೈಪು ಇಳಿಬಿಟ್ಟು ಬಾಯಿಂದ ಎಳೆದು ಸೈಫನ್ ಶುರುಮಾಡುತ್ತಾರೆ. ಒಂದು ಗಂಟೆಯ ಕೆಲಸಕ್ಕೆ ಸರಿ, ಐದು ದಿನಕ್ಕೆ ಬೇಡ. ಬಿಸಿಲಿಗೆ ನೀರಿನಲ್ಲಿ ಕರಗಿದ ಗಾಳಿ ಬಿಡುಗಡೆಯಾಗಿ ಪೈಪಿನ ಮೇಲ್ಬಾಗಿನಲ್ಲಿ ಗುಳ್ಳೆ ಕಟ್ಟುತ್ತದೆ. ಹರಿವು ಇಷ್ಟು ನಿಧಾನವಿದ್ದಾಗ ಅದನ್ನು ಕೊಚ್ಚಿಕೊಂಡು ಹೋಗುವ ಬಲ ನೀರಿಗಿರುವುದಿಲ್ಲ, ಸೈಫನ್ ಕಡಿದುಹೋಗುತ್ತದೆ.

ಹನಿ ನೀರಾವರಿ ಸಾಮಾನಿನ ಅಂಗಡಿಯಲ್ಲಿ ಸಾಲಿನುದ್ದಕ್ಕೂ ಹಾಯುವ 16 ಮಿ.ಮೀ. ಲ್ಯಾಟರಲ್ ಪೈಪು ನಾಲ್ಕು ಮೀಟರ್, ಅದರಿಂದ ಒಂದೊಂದು ಕುಂಡಕ್ಕೆ ಕವಲೊಡೆಯುವ 4 ಮಿ.ಮೀ. ಮೈಕ್ರೋ ಟ್ಯೂಬ್ ಮೂರು ಮೀಟರ್, ಕನೆಕ್ಟರುಗಳು, ಪೈಪಿನ ಕೊನೆ ಮುಚ್ಚುವ ಎಂಡ್ ಕ್ಯಾಪ್, ಆರು ಡ್ರಿಪ್ಪರು ತೆಗೆದುಕೊಳ್ಳಿ. ಡ್ರಿಪ್ಪರು ಆರಿಸುವಾಗ ಎಚ್ಚರ. ತಲೆ ತಿರುಗಿಸಿ ಹರಿವು ಬದಲಿಸುವ ಅಡ್ಜಸ್ಟೆಬಲ್ ಬಗೆಯೇ ಬೇಕು. ಒತ್ತಡ ಬದಲಾದರೂ ಹರಿವು ಒಂದೇ ಇರುತ್ತದೆ ಎಂದು ಪ್ರೆಷರ್ ಕಾಂಪೆನ್ಸೇಟಿಂಗ್ ಹೆಸರಿನಲ್ಲಿ ಮಾರುವುದು ತೋಟದ ಪಂಪಿನ ಒತ್ತಡಕ್ಕೆ ಮಾಡಿದ್ದು. ಸ್ಟೂಲಿನ ಮೇಲಿನ ಬಕೆಟ್ ಒಂದು ಮೀಟರ್ ಎತ್ತರದಿಂದ ಕೊಡುವುದು 0.1 ಬಾರ್ ಒತ್ತಡ ಮಾತ್ರ. ಅಷ್ಟರಲ್ಲಿ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಗುಣಮಟ್ಟ ಹೆಚ್ಚು ಎಂದು ಹೆಚ್ಚು ಹಣ ಕೊಟ್ಟು ಅದನ್ನು ತಂದವರಿಗೆ ಹನಿ ಸರಿಯಾಗಿ ಬೀಳುವುದಿಲ್ಲ.

ಲ್ಯಾಟರಲ್ ಪೈಪು ಬಕೆಟ್ಟಿನಿಂದ ಕೊನೆಯವರೆಗೆ ಒಂದೇ ಸಮನೆ ಇಳಿಜಾರಾಗಿರಲಿ. ನಡುವೆ ಎಲ್ಲಿಯಾದರೂ ಗೂನು ಬಿದ್ದರೆ ಅಲ್ಲಿ ಗಾಳಿ ಸಿಕ್ಕಿಕೊಂಡು ಮುಂದಿನ ಕುಂಡಗಳೆಲ್ಲ ಒಣಗುತ್ತವೆ. ಮೊದಲೆರಡು ಕುಂಡಕ್ಕೆ ನೀರು ಬಂದು ಉಳಿದವಕ್ಕೆ ಬಾರದಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ. ಎಂಡ್ ಕ್ಯಾಪ್ ಬಿಚ್ಚಿ ಒಂದು ಮಗ್ ನೀರು ಜೋರಾಗಿ ಹರಿಯಲು ಬಿಟ್ಟರೆ ಗಾಳಿ ಹೊರಟುಹೋಗುತ್ತದೆ. ಡ್ರಿಪ್ಪರುಗಳ ತಲೆಗಳೆಲ್ಲ ಒಂದೇ ಮಟ್ಟದಲ್ಲಿರಬೇಕು. ಕಂಬಿಯ ಮೇಲೆಯೂ ಕುಂಡಗಳಿದ್ದರೆ ಅವಕ್ಕೆ ಬೇರೆಯೇ ಬಕೆಟ್ ಇಡುವುದು ಜಾಣತನ. ನೆಲದ ಕುಂಡಕ್ಕೆ ಒಂದು ಮೀಟರ್ ಒತ್ತಡವಿದ್ದಾಗ ಕಂಬಿಯ ಕುಂಡಕ್ಕೆ ಉಳಿಯುವುದು ಏನೂ ಇಲ್ಲ. ಬಕೆಟ್ಟನ್ನೇ ಕಂಬಿಯ ಮೇಲೆ ಇಡುವ ಯೋಚನೆ ಮಾಡಬೇಡಿ, ಅದು ಇಪ್ಪತ್ತು ಕಿಲೋ.

ಇಲ್ಲೊಂದು ಮುಖ್ಯ ತೊಡಕು ಇದೆ. ಟೊಮೆಟೊಗೆ ದಿನಕ್ಕೆ 900 ಮಿ.ಲೀ. ಅಂದರೆ ಗಂಟೆಗೆ 37 ಮಿ.ಲೀ. ಅಡ್ಜಸ್ಟೆಬಲ್ ಡ್ರಿಪ್ಪರು ಗಂಟೆಗೆ ಲೀಟರುಗಟ್ಟಲೆ ಬಿಡಲು ಮಾಡಿದ ಸಾಮಾನು. ಅದನ್ನು 37 ಮಿ.ಲೀ.ಗೆ ಇಳಿಸಲು ಹೋದರೆ ಒಂದು ಕೂದಲಷ್ಟು ತಿರುಗಿಸಿದರೂ ಧಾರೆ, ಇನ್ನೊಂದು ಕೂದಲಿಗೆ ಬಂದ್. ಹೇಗೋ ಹೊಂದಿಸಿದರೂ ಆ ಸಂದು ಎಷ್ಟು ಕಿರಿದೆಂದರೆ ಬೋರ್‌ವೆಲ್ ನೀರಿನ ಸುಣ್ಣ ಎರಡೇ ದಿನದಲ್ಲಿ ಅದನ್ನು ಮುಚ್ಚಬಹುದು. ಬಕೆಟ್ ಪದ್ಧತಿಯನ್ನು ದಿನವಿಡೀ ತೊಟ್ಟಿಕ್ಕುವಂತೆ ಇಟ್ಟವರಿಗೆ ಒಂದು ಕುಂಡ ಕೆರೆ, ಇನ್ನೊಂದು ಮರುಭೂಮಿ ಆಗುವುದು ಇದರಿಂದಲೇ.

ಪರಿಹಾರವೆಂದರೆ ನಿಧಾನವಾಗಿ ದಿನವಿಡೀ ಬಿಡದೆ, ದಿನಕ್ಕೆರಡು ಸಲ ಸ್ವಲ್ಪ ಹೊತ್ತು ಬಿಡುವುದು. ಬಕೆಟ್ಟಿನ ನಿಪ್ಪಲ್ಲಿಗೂ ಲ್ಯಾಟರಲ್ಲಿಗೂ ನಡುವೆ ಬ್ಯಾಟರಿಯ ನೀರಿನ ಟೈಮರ್ ಹಾಕಿ. ಇದರಲ್ಲಿಯೂ ಎರಡು ಜಾತಿ. ವಿದ್ಯುತ್ಕಾಂತದಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ಬಗೆಗೆ ನಲ್ಲಿಯ ಒತ್ತಡ ಬೇಕು, ಬಕೆಟ್ಟಿನ ನೀರಿಗೆ ಅದು ತೆರೆದುಕೊಳ್ಳುವುದಿಲ್ಲ. ಒಳಗೆ ಮೋಟರು ತಿರುಗಿಸುವ ಬಾಲ್ ವಾಲ್ವ್ ಇರುವುದು ಒತ್ತಡವಿಲ್ಲದೆಯೂ ನಡೆಯುತ್ತದೆ. ಪೊಟ್ಟಣದ ಮೇಲೆ ಕನಿಷ್ಠ ಒತ್ತಡ ಸೊನ್ನೆ ಎಂದಿದೆಯೇ ನೋಡಿ ಕೊಳ್ಳಿ. ಇಡೀ ವ್ಯವಸ್ಥೆಯಲ್ಲಿ ಹೆಚ್ಚು ಖರ್ಚಿನ ಭಾಗ ಇದೇ. ಮನೆಯಲ್ಲಿಯೇ ಇರುವವರಾದರೆ ಟೈಮರ್ ಬೇಡ, ಅರ್ಧ ಇಂಚಿನ ಸಾದಾ ವಾಲ್ವನ್ನು ಬೆಳಿಗ್ಗೆ ಸಂಜೆ ಕಾಲು ಗಂಟೆ ತೆರೆದರೆ ಅದೇ ಕೆಲಸ ಆಗುತ್ತದೆ.

ನಮ್ಮ ಬಾಲ್ಕನಿಗೆ ಬೆಳಿಗ್ಗೆ ಆರಕ್ಕೆ ಹದಿನೈದು ನಿಮಿಷ, ಸಂಜೆ ಐದಕ್ಕೆ ಹದಿನೈದು ನಿಮಿಷ ಎಂದು ಇಡೋಣ. ದಿನಕ್ಕೆ ಮೂವತ್ತು ನಿಮಿಷದಲ್ಲಿ ಟೊಮೆಟೊಗೆ 900 ಮಿ.ಲೀ. ಬೀಳಬೇಕಾದರೆ ಐದು ನಿಮಿಷಕ್ಕೆ 150 ಮಿ.ಲೀ. ಇದೇ ಲೆಕ್ಕದಲ್ಲಿ ಐದು ನಿಮಿಷಕ್ಕೆ ಮಲ್ಲಿಗೆಗೆ 100, ಮೆಣಸಿಗೆ 83, ತುಳಸಿಗೆ 50, ದೊಡ್ಡಪತ್ರೆಗೆ 17. ಪ್ರತಿ ಡ್ರಿಪ್ಪರಿನ ಕೆಳಗೆ ಒಂದೊಂದು ಲೋಟ ಇಟ್ಟು ಐದು ನಿಮಿಷ ಬಿಟ್ಟು ಅಳೆಯಿರಿ, ತಿರುಗಿಸಿ, ಮತ್ತೆ ಅಳೆಯಿರಿ. ಒಂದನ್ನು ತಿರುಗಿಸಿದರೆ ಉಳಿದವು ಕೊಂಚ ಕದಲುತ್ತವೆ, ಆದ್ದರಿಂದ ಇಡೀ ಸಾಲನ್ನು ಎರಡು ಸುತ್ತು ಹೊಂದಿಸಬೇಕು.

ಈ ಅಳತೆಯನ್ನು ಬಕೆಟ್ ಅರ್ಧ ತುಂಬಿದ್ದಾಗ ಮಾಡಿ. ತುಂಬಿದ ಬಕೆಟ್ಟಿನಲ್ಲಿ ನೀರಿನ ಎತ್ತರ ಸುಮಾರು 35 ಸೆಂ.ಮೀ. ಬಕೆಟ್ಟಿನ ತಳ ಡ್ರಿಪ್ಪರಿಗಿಂತ 60 ಸೆಂ.ಮೀ. ಮೇಲಿದ್ದರೆ ಒತ್ತಡ 95ರಿಂದ 60ರ ಹತ್ತಿರಕ್ಕೆ ಇಳಿಯುತ್ತಾ ಹೋಗುತ್ತದೆ. ಹೀಗೆ ತೆರೆದ ಡ್ರಿಪ್ಪರಿನಲ್ಲಿ ಹರಿವು ಒತ್ತಡದ ವರ್ಗಮೂಲದಂತೆ ಬದಲಾಗುವುದರಿಂದ, ಅರ್ಧ ಬಕೆಟ್ಟಿಗೆ ಹೊಂದಿಸಿದರೆ ಮೊದಲ ದಿನ ನೂರಕ್ಕೆ ಹತ್ತರಷ್ಟು ಹೆಚ್ಚು, ಕೊನೆಯ ದಿನ ಹತ್ತು ಹನ್ನೆರಡರಷ್ಟು ಕಡಿಮೆ ಬೀಳುತ್ತದೆ. ಗಿಡ ಇದನ್ನು ಗಮನಿಸುವುದಿಲ್ಲ. ತುಂಬಿದ ಬಕೆಟ್ಟಿಗೆ ಹೊಂದಿಸಿದ್ದರೆ ಕೊನೆಯ ದಿನ ಐದನೇ ಒಂದು ಭಾಗ ಕೊರತೆಯಾಗುತ್ತಿತ್ತು.

ಕೋಕೋಪೀಟ್ ಕುಂಡಗಳಲ್ಲಿ ಇನ್ನೊಂದು ಮಾತು ನೆನಪಿರಲಿ. ಒಮ್ಮೆ ಪೂರ್ತಿ ಒಣಗಿದ ಕೋಕೋಪೀಟ್ ನೀರನ್ನು ಸುಲಭವಾಗಿ ಹೀರುವುದಿಲ್ಲ. ಹನಿ ಒಂದೇ ಗೆರೆಯಲ್ಲಿ ಇಳಿದು ತಟ್ಟೆಗೆ ಬೀಳುತ್ತದೆ, ಪಕ್ಕದ ಬೇರು ಒಣಗಿಯೇ ಇರುತ್ತದೆ. ಹೊರಡುವ ದಿನ ಕೈಯಾರೆ ಕುಂಡವನ್ನು ಪೂರ್ತಿ ನೆನೆಸಿ, ಹನ್ನೆರಡು ಇಂಚಿನ ಕುಂಡಕ್ಕೆ ಎದುರುಬದುರಾಗಿ ಎರಡು ಡ್ರಿಪ್ಪರು ಕೊಟ್ಟು ಲೆಕ್ಕವನ್ನು ಅರ್ಧರ್ಧ ಹಂಚಿ. ಬಕೆಟ್ಟಿನ ನೀರಿಗೆ ಜೀವಾಮೃತವನ್ನಾಗಲಿ ಸಗಣಿಯ ತಿಳಿಯನ್ನಾಗಲಿ ಬೆರೆಸಬೇಡಿ, ಎಷ್ಟೇ ಸೋಸಿದರೂ ಕಟ್ಟಿಕೊಳ್ಳುತ್ತದೆ. ಬಿಳಿ ಹೊಪ್ಪಳೆ ಕಂಡ ಡ್ರಿಪ್ಪರನ್ನು ಒಂದು ಲೋಟ ನೀರಿಗೆ ಒಂದು ಚಮಚ ನಿಂಬೆ ಉಪ್ಪು ಹಾಕಿ ರಾತ್ರಿ ನೆನೆಸಿದರೆ ತೆರೆದುಕೊಳ್ಳುತ್ತದೆ. ಬಕೆಟ್ಟಿನ ಮುಚ್ಚಳದಲ್ಲಿ ಗಾಳಿಗೊಂದು ಸಣ್ಣ ತೂತು ಬೇಕು, ಅದಕ್ಕೆ ಸೊಳ್ಳೆ ಪರದೆಯ ತುಂಡು ಅಂಟಿಸಿ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ಶುದ್ಧ ನೀರಿನ ಬಳಿಯಲ್ಲಿಯೇ.

ಯಾರಿಗೆ ಯಾವುದು

ಎರಡು ಮೂರು ಸಣ್ಣ ಕುಂಡ, ಒಂದೆರಡು ದಿನದ ಮಾತು, ಮಣ್ಣು ಗಟ್ಟಿ ಎಂದಾದರೆ ಸುಟ್ಟ ಮಣ್ಣಿನ ಮೊನೆಯ ಬಾಟಲಿ ಸಾಕು. ನಾಲ್ಕೈದು ಕುಂಡಗಳಿದ್ದು ಯಾವುದಕ್ಕೂ ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಬೇಡದಿದ್ದರೆ, ಮೂರು ದಿನದವರೆಗೆ ಏರ್ ವೆಂಟ್ ಇರುವ ಗ್ಲೂಕೋಸ್ ಪೈಪಿಗೆ ಸಮನಾದದ್ದಿಲ್ಲ. ಕುಂಡ ಹೆಚ್ಚಿದಂತೆ ಎಣಿಸುವ, ತುಂಬಿಸುವ ಕೆಲಸವೂ ಹೆಚ್ಚುತ್ತದೆ ಎಂಬುದಷ್ಟೇ ಅದರ ತೊಂದರೆ. ಆರು ದಾಟಿದ ಸಾಲಿಗೆ, ತರಕಾರಿ ಗಿಡಗಳಿಗೆ, ಮೂರು ದಿನ ಮೀರಿದ ಪ್ರಯಾಣಕ್ಕೆ ಬಕೆಟ್ಟು ಮತ್ತು ಟೈಮರಿನ ಖರ್ಚು ಮಾಡಲೇಬೇಕು. ಎರಡು ದಾರಿಗಳನ್ನು ಬೆರೆಸುವುದೂ ಸಾಧ್ಯ. ನಮ್ಮ ಬಾಲ್ಕನಿಯಲ್ಲಿ ಐದು ನಿಮಿಷಕ್ಕೆ 17 ಮಿ.ಲೀ. ಬೇಕಾದ ದೊಡ್ಡಪತ್ರೆಗೆ ಡ್ರಿಪ್ಪರನ್ನು ಹೊಂದಿಸಲು ಹೆಣಗುವುದಕ್ಕಿಂತ, ಅದನ್ನು ಸಾಲಿನಿಂದ ತೆಗೆದು ನೆರಳಿನಲ್ಲಿ ಒಂದು ಮಣ್ಣಿನ ಮೊನೆಯ ಬಾಟಲಿಯ ಜೊತೆ ಬಿಟ್ಟುಹೋಗುವುದೇ ಸರಿ.

ಯಾವುದನ್ನು ಆರಿಸಿದರೂ ಊರಿಗೆ ಹೊರಡುವ ಮೂರು ದಿನ ಮುಂಚೆಯೇ ಜೋಡಿಸಿ ಶುರುಮಾಡಿ. ಮೊದಲ 24 ಗಂಟೆ ಪೈಪಿನ ತುದಿಗಳನ್ನು ಕುಂಡಕ್ಕೆ ಬಿಡದೆ ಡಬ್ಬಿಗಳಿಗೆ ಬಿಟ್ಟು, ಬಿದ್ದ ನೀರನ್ನು ಚೀಟಿಯ ಅಂಕಿಯೊಂದಿಗೆ ಹೋಲಿಸಿ ತಿದ್ದಿ. ಆ ಒಂದು ದಿನ ಗಿಡಗಳಿಗೆ ಕೈಯಾರೆ ನೀರು ಹಾಕಿಕೊಳ್ಳಿ. ಉಳಿದೆರಡು ದಿನ ಕುಂಡಕ್ಕೆ ಬಿಟ್ಟು, ಸಂಜೆ ತಟ್ಟೆ ನೋಡಿ. ತಟ್ಟೆಯಲ್ಲಿ ನೀರು ನಿಂತಿದ್ದರೆ ಹರಿವು ಹೆಚ್ಚಾಗಿದೆ. ತಟ್ಟೆ ಒಣಗಿದ್ದು, ಬೆರಳು ಎರಡು ಗೆಣ್ಣು ಒಳಗೆ ಹೋದಾಗ ತೇವ ಸಿಕ್ಕರೆ ಹದವಾಗಿದೆ.